ಟ್ಯಾರೋ ಕಾರ್ಡಿಗೆ ತಾರೀಖು ಕೇಳಿದರೆ ಏನಾಗುತ್ತದೆ?

ಟ್ಯಾರೋ ರೀಡರ್ ಮುಂದೆ ಕೂತವರು ಕೆಲಸ, ಮದುವೆ, ಮನೆ, ಸಾಲ ಎಂದು ಎಲ್ಲಿಂದಲೇ ಮಾತು ಶುರು ಮಾಡಲಿ, ಹತ್ತು ನಿಮಿಷದಲ್ಲಿ ‘ಸರಿ, ಯಾವಾಗ?’ ಎನ್ನುವಲ್ಲಿಗೆ ಬಂದು ನಿಲ್ಲುತ್ತಾರೆ. ಮೈಸೂರು, ಮಂಡ್ಯ ಕಡೆಯಲ್ಲಿ ಇದು ತುಸು ಹೆಚ್ಚೇ. ಒಂಟಿಕೊಪ್ಪಲ್ ಪಂಚಾಂಗ ನೋಡದೆ ಗೃಹಪ್ರವೇಶದ ದಿನ ಗೊತ್ತು ಮಾಡದ ಊರಿದು. ಜಾತಕ ನೋಡುವವರು ‘ಗುರುಬಲ ಇಂಥ ತಿಂಗಳಿಂದ’ ಎಂದು ಹೇಳುವುದನ್ನು ಕೇಳಿಕೊಂಡೇ ಬೆಳೆದವರಿಗೆ, ಕಾರ್ಡು ನೋಡುವವರೂ ತಾರೀಖು ಹೇಳಬೇಕು ಅನ್ನಿಸುವುದು ಸಹಜ. ಆದರೆ ಎರಡರ ರಚನೆಯೇ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದ ರೀಡರ್ ತಾರೀಖು ಹೇಳಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಜ್ಯೋತಿಷ್ಯದೊಳಗೆ ಒಂದು ಗಡಿಯಾರವಿದೆ. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ. ಹುಟ್ಟಿದಾಗ ಚಂದ್ರ ಯಾವ ನಕ್ಷತ್ರದಲ್ಲಿದ್ದ ಎಂಬುದರಿಂದ 120 ವರ್ಷದ ವಿಂಶೋತ್ತರಿ ದಶೆಯ ಲೆಕ್ಕ ಹೊರಡುತ್ತದೆ. ಅದು ಹೇಳಿದ ಫಲ ನಿಜವಾಗುತ್ತದೋ ಇಲ್ಲವೋ ಎಂಬ ವಾದ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಒಂದೇ ಪಂಚಾಂಗ, ಒಂದೇ ಜನ್ಮಸಮಯ ಇಟ್ಟುಕೊಂಡು ಇಬ್ಬರು ಲೆಕ್ಕ ಹಾಕಿದರೆ ಗುರುದಶೆ ಶುರುವಾಗುವ ದಿನ ಇಬ್ಬರಿಗೂ ಒಂದೇ ಬರುತ್ತದೆ. ಟ್ಯಾರೋದಲ್ಲಿ ಇರುವುದು 78 ಕಾರ್ಡು ಮತ್ತು ಅವನ್ನು ಕಲಸುವ ಕೈ. ಇವತ್ತು ಯಾವ ತಾರೀಖು ಎಂಬುದು ಆ ಕಟ್ಟಿಗೆ ಗೊತ್ತಿಲ್ಲ. ಅದೇ ಪ್ರಶ್ನೆಯನ್ನು ಐದು ನಿಮಿಷ ಬಿಟ್ಟು ಕೇಳಿ ಮತ್ತೆ ಕಲಸಿದರೆ ಬೇರೆ ಕಾರ್ಡು ಬರುತ್ತದೆ. ಮೊದಲು ಬಂದದ್ದೇ ಮತ್ತೆ ಬರುವ ಸಾಧ್ಯತೆ 78ರಲ್ಲಿ ಒಂದು.

ಹಾಗಾದರೆ ಪುಸ್ತಕಗಳಲ್ಲಿ ಕಾರ್ಡಿನ ಪಕ್ಕದಲ್ಲಿ ತಿಂಗಳು, ತಾರೀಖು ಬರೆದಿರುತ್ತಾರಲ್ಲ, ಅದು ಎಲ್ಲಿಂದ ಬಂತು? ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನಂಥ ಆಟವಾಗಿ. ಅದನ್ನು ಭವಿಷ್ಯ ಹೇಳುವುದಕ್ಕೆ ವ್ಯಾಪಕವಾಗಿ ಬಳಸತೊಡಗಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಇಂದು ಇಂಗ್ಲಿಷ್ ಪುಸ್ತಕಗಳಲ್ಲಿ ಕಾಣುವ ತಾರೀಖಿನ ಪಟ್ಟಿ ಬಂದದ್ದು ಅದಕ್ಕೂ ನೂರು ವರ್ಷ ತಡವಾಗಿ. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಗೋಲ್ಡನ್ ಡಾನ್’ ಎಂಬ ಗುಪ್ತ ಕೂಟ ರಾಶಿಚಕ್ರವನ್ನು ತಂದು ಕಾರ್ಡುಗಳ ಮೇಲೆ ಕೂರಿಸಿತು. ಇಂದು ಹೆಚ್ಚಿನವರ ಕೈಯಲ್ಲಿರುವ 1909ರ ರೈಡರ್-ವೇಯ್ಟ್ ಡೆಕ್ ಮಾಡಿದ ಎ. ಇ. ವೇಯ್ಟ್ ಮತ್ತು ಅದರ ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್ ಇಬ್ಬರೂ ಆ ಕೂಟದಲ್ಲಿದ್ದವರೇ. ಅಂದರೆ ಕಾರ್ಡಿನ ಗಡಿಯಾರ ಹುಟ್ಟಿನಿಂದ ಬಂದದ್ದಲ್ಲ, ಆಮೇಲೆ ಎರವಲು ತಂದದ್ದು.

ಆ ಎರವಲಿನ ಲೆಕ್ಕ ಹೀಗಿದೆ. ರಾಶಿಚಕ್ರದ 360 ಡಿಗ್ರಿಯನ್ನು ಹತ್ತು ಹತ್ತು ಡಿಗ್ರಿಯ 36 ತುಂಡು ಮಾಡಿದರು. ನಮ್ಮವರಿಗೆ ದ್ರೇಕ್ಕಾಣ ಎಂದರೆ ತಿಳಿಯುತ್ತದೆ. ವಾಂಡ್ಸ್, ಕಪ್ಸ್, ಸ್ವೋರ್ಡ್ಸ್, ಪೆಂಟಕಲ್ಸ್ ಎಂಬ ನಾಲ್ಕು ಬಣ್ಣಗಳಲ್ಲಿ ಎರಡರಿಂದ ಹತ್ತರವರೆಗಿನ ಕಾರ್ಡುಗಳೂ 36. ಒಂದೊಂದು ತುಂಡಿಗೆ ಒಂದೊಂದು ಕಾರ್ಡು. ಹೀಗೆ ವಾಂಡ್ಸ್ ಎರಡು ಎಂದರೆ ಮಾರ್ಚ್ 21ರಿಂದ ಸುಮಾರು ಹತ್ತು ದಿನ, ಕಪ್ಸ್ ಎರಡು ಎಂದರೆ ಜೂನ್ 21ರಿಂದ ಹತ್ತು ದಿನ. ಕೇಳುವುದಕ್ಕೆ ಅಚ್ಚುಕಟ್ಟಾಗಿದೆ. ಆದರೆ ಉಳಿದ 42 ಕಾರ್ಡು, ಅಂದರೆ ಏಸ್‌ಗಳು, ರಾಜ-ರಾಣಿ ಇತ್ಯಾದಿ 16 ಮತ್ತು ಯಾವ ಬಣ್ಣಕ್ಕೂ ಸೇರದ ಮೇಜರ್ ಅರ್ಕಾನದ 22, ಈ ಹತ್ತು ದಿನದ ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ಕಾರ್ಡು ಎಳೆದರೆ ಅರ್ಧಕ್ಕಿಂತ ಹೆಚ್ಚು ಸಲ ಬರುವುದು ಇವೇ. ಅವುಗಳಿಗೂ ರಾಶಿ, ಗ್ರಹ, ಋತು ಎಂದು ಹಂಚಿದ್ದಾರೆ ನಿಜ. ಆದರೆ ಅಲ್ಲಿ ಹತ್ತು ದಿನದ ಅವಧಿ ಹೋಗಿ ಒಂದು ತಿಂಗಳು, ಮೂರು ತಿಂಗಳು ಎಂದು ಹಿಗ್ಗುತ್ತದೆ, ಕೆಲವಕ್ಕೆ ಅವಧಿಯೇ ಇಲ್ಲ.

ನಮ್ಮ ಕಡೆ ಇನ್ನೊಂದು ತೊಡಕು ಸೇರುತ್ತದೆ. ಆ ಪಟ್ಟಿ ಋತುಗಳನ್ನು ಹಿಡಿದು ಎಣಿಸುವ ಸಾಯನ ಲೆಕ್ಕದ್ದು, ಮೇಷ ಶುರುವಾಗುವುದು ಮಾರ್ಚ್ 21ರ ಸುಮಾರಿಗೆ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಎಣಿಸುವ ನಿರಯನ, ಮೇಷ ಸಂಕ್ರಮಣ ಏಪ್ರಿಲ್ 14ರ ಹೊತ್ತಿಗೆ. ನಡುವೆ ಸುಮಾರು 24 ಡಿಗ್ರಿ, ಹೆಚ್ಚುಕಡಿಮೆ 24 ದಿನ. ಇಂಗ್ಲಿಷ್ ಪುಸ್ತಕದಲ್ಲಿ ‘ಸ್ಯಾಜಿಟೇರಿಯಸ್’ ಎಂದಿರುವುದನ್ನು ‘ಧನು’ ಎಂದು ಹೇಳಿ ಪಂಚಾಂಗ ತೆರೆದ ಕೂಡಲೇ ತಾರೀಖು ಇಡೀ ತಿಂಗಳ ಹತ್ತಿರಕ್ಕೆ ಜಾರುತ್ತದೆ. ಇದನ್ನು ಗಮನಿಸದೆ ಎರಡನ್ನೂ ಬೆರೆಸುವವರು ಬಹಳ.

ದ್ರೇಕ್ಕಾಣ ಬೇಡವೆನ್ನುವವರಿಗೆ ಸರಳ ಸೂತ್ರಗಳಿವೆ. ಬಣ್ಣದಿಂದ ಋತು ಹೇಳುವುದು ಒಂದು. ಆದರೆ ಒಬ್ಬರ ಪ್ರಕಾರ ವಾಂಡ್ಸ್ ವಸಂತ, ಇನ್ನೊಬ್ಬರ ಪ್ರಕಾರ ಬೇಸಿಗೆ. ಅಲ್ಲದೆ ಅವು ಯುರೋಪಿನ ನಾಲ್ಕು ಋತುಗಳು. ಮುಂಗಾರು, ಹಿಂಗಾರು, ಚಳಿ, ಬೇಸಿಗೆ ಎಂದು ವರ್ಷ ಎಣಿಸುವ ಮಂಡ್ಯದ ರೈತನಿಗೆ ‘ಎಲೆ ಉದುರುವ ಕಾಲದಲ್ಲಿ ಆಗುತ್ತದೆ’ ಎಂದರೆ ಏನು ಹೇಳಿದಂತಾಯಿತು? ಇನ್ನೊಂದು ಸೂತ್ರ ಬಣ್ಣದಿಂದ ವೇಗ, ಅಂಕಿಯಿಂದ ಲೆಕ್ಕ ಹಿಡಿಯುವುದು. ವಾಂಡ್ಸ್ ದಿನ, ಕಪ್ಸ್ ವಾರ, ಸ್ವೋರ್ಡ್ಸ್ ತಿಂಗಳು, ಪೆಂಟಕಲ್ಸ್ ವರ್ಷ ಎಂದು ಒಂದು ಪುಸ್ತಕ ಹೇಳಿದರೆ ಇನ್ನೊಂದರಲ್ಲಿ ಈ ಕ್ರಮವೇ ಅದಲುಬದಲು.

ಏಸ್ ಹುಡುಕುವ ವಿಧಾನವೂ ಇದೆ. ಕಲಸಿದ ಕಟ್ಟಿನಿಂದ 13 ಕಾರ್ಡು ಒಂದೊಂದಾಗಿ ತೆಗೆಯಬೇಕು, ಏಸ್ ಸಿಕ್ಕಿದಲ್ಲಿ ನಿಲ್ಲಿಸಬೇಕು. ಏಸ್‌ನ ಬಣ್ಣ ಋತು ಹೇಳುತ್ತದೆ, ಅದು ಎಷ್ಟನೆಯದಾಗಿ ಬಂತು ಎಂಬುದು ಆ ಋತುವಿನ ವಾರ ಹೇಳುತ್ತದೆ. ನಾಲ್ಕು ಋತು, 13 ವಾರ, ಒಟ್ಟು 52. ಲೆಕ್ಕ ಚೆಂದ ಕೂಡಿತು. ಆದರೆ 78ರಲ್ಲಿ ಏಸ್ ಇರುವುದು ನಾಲ್ಕೇ. ಮೊದಲ 13ರಲ್ಲಿ ಒಂದೂ ಏಸ್ ಬರದಿರುವ ಸಾಧ್ಯತೆ ಶೇ. 47ರಷ್ಟು. ಹೆಚ್ಚುಕಡಿಮೆ ಎರಡು ಸಲಕ್ಕೊಮ್ಮೆ ಈ ವಿಧಾನ ಉತ್ತರವನ್ನೇ ಕೊಡುವುದಿಲ್ಲ. ಆಗ ಕೆಲವರು ‘ಈ ವರ್ಷ ಇಲ್ಲ’ ಎನ್ನುತ್ತಾರೆ, ಕೆಲವರು ಮತ್ತೆ ಕಲಸುತ್ತಾರೆ. ಹಾಗೆ ಮತ್ತೆ ಕಲಸಿದ ಕ್ಷಣದಿಂದ ಮೊದಲು ಒಪ್ಪಿಕೊಂಡ ನಿಯಮಕ್ಕೆ ಅರ್ಥ ಉಳಿಯುವುದಿಲ್ಲ.

ಇವೆಲ್ಲ ಒಂದೇ ಕಾರ್ಡಿನ ಮೇಲೆ ಬಿದ್ದಾಗ ಏನಾಗುತ್ತದೆ ನೋಡೋಣ. ಮಂಡ್ಯದ ಒಬ್ಬರು ಮೈಸೂರು ವಿಜಯನಗರ ನಾಲ್ಕನೇ ಹಂತದಲ್ಲಿರುವ 30×40 ಸೈಟು ಮಾರಬೇಕೆಂದಿದ್ದಾರೆ ಎಂದುಕೊಳ್ಳಿ. ಜೂನ್ 5ಕ್ಕೆ ಬಂದು ‘ಅಕ್ಕಾ, ಸೈಟು ಯಾವಾಗ ಹೋಯ್ತದೆ? ಒಂದ್ ಡೇಟ್ ಹೇಳ್ಬುಡಿ’ ಎನ್ನುತ್ತಾರೆ. ಎಳೆದ ಕಾರ್ಡು ವಾಂಡ್ಸ್ ಎಂಟು. ತಿಳಿಯಾದ ಆಕಾಶದಲ್ಲಿ ಎಂಟು ಕೋಲುಗಳು ಓರೆಯಾಗಿ ಹಾರುತ್ತಿವೆ, ಕೆಳಗೆ ಹೊಳೆ, ಮನುಷ್ಯರು ಯಾರೂ ಇಲ್ಲ. ವೇಗದ ಕಾರ್ಡು ಎಂದು ಎಲ್ಲರೂ ಒಪ್ಪುತ್ತಾರೆ. ವಾಂಡ್ಸ್ ದಿನವಾದರೆ ಎಂಟು ದಿನ, ಜೂನ್ 13. ವಾರವಾದರೆ ಜುಲೈ 31. ಗೋಲ್ಡನ್ ಡಾನ್ ಪಟ್ಟಿಯಲ್ಲಿ ಇದು ಧನುವಿನ ಮೊದಲ ಹತ್ತು ಡಿಗ್ರಿ, ನವೆಂಬರ್ 23ರಿಂದ ಡಿಸೆಂಬರ್ 2. ಅದನ್ನೇ ನಮ್ಮ ಪಂಚಾಂಗದ ಧನುವಿಗೆ ತಿರುಗಿಸಿದರೆ ಡಿಸೆಂಬರ್ 16ರಿಂದ 25ರ ಸುಮಾರು, ಅಂದರೆ ಧನುರ್ಮಾಸದ ಆರಂಭ. ನಮ್ಮವರು ಶುಭಕಾರ್ಯಕ್ಕೆ ಕೈ ಹಾಕದ ತಿಂಗಳು! ಇನ್ನು ವಾಂಡ್ಸ್ ವಸಂತ ಎಂದು ಹಿಡಿದರೆ ಮುಂದಿನ ಮಾರ್ಚ್ ನಂತರ.

ಒಂದೇ ಕಾರ್ಡು ವರ್ಷದುದ್ದಕ್ಕೂ ಐದು ಕಡೆ ಬೊಟ್ಟು ಮಾಡಿತು. ಸೈಟು ಆಗಸ್ಟ್ ಮೊದಲ ವಾರ ಹೋದರೆ ‘ನೋಡಿ, ಎಂಟು ವಾರ’ ಎನ್ನಬಹುದು. ನವೆಂಬರ್ ಕೊನೆಗೆ ಹೋದರೆ ‘ಧನು ಅಂದಿತ್ತಲ್ಲ’ ಎನ್ನಬಹುದು. ರೀಡರ್ ಸುಳ್ಳು ಹೇಳುತ್ತಿದ್ದಾರೆ ಎಂದೇನಲ್ಲ, ಅವರಿಗೇ ತಮ್ಮ ಮಾತು ನಿಜವಾಯಿತು ಎಂದು ಮನಸಾರೆ ಅನ್ನಿಸುತ್ತದೆ. ಯಾವ ಸೂತ್ರ ಹಿಡಿದಿದ್ದೇನೆ ಎಂದು ಕಾರ್ಡು ಎಳೆಯುವ ಮುಂಚೆ ಹೇಳಿರಲಿಲ್ಲ, ಆದದ್ದು ಆದಮೇಲೆ ಹೊಂದುವ ಸೂತ್ರ ನೆನಪಿಗೆ ಬಂತು, ಅಷ್ಟೆ. ತಾರೀಖು ಹೇಳುವ ರೀಡರ್‌ಗಳಿಗೆ ಹೆಸರು ಬರುವುದೂ, ತಪ್ಪುಗಳು ಲೆಕ್ಕಕ್ಕೆ ಸಿಗದೆ ಹೋಗುವುದೂ ಇದೇ ದಾರಿಯಲ್ಲಿ. ಒಬ್ಬ ರೀಡರ್ ಸಮಯದ ಬಗ್ಗೆ ಎಷ್ಟು ಎಚ್ಚರದವರು ಎಂದು ತಿಳಿಯಬೇಕಾದರೆ, ಕಾರ್ಡು ತಿರುಗಿಸುವ ಮುಂಚೆ ‘ಇದರಲ್ಲಿ ತಿಂಗಳು ಹೇಗೆ ತಿಳಿಯುತ್ತೀರಿ?’ ಎಂದು ಕೇಳಿ ನೋಡಿ. ಒಂದೇ ನಿಯಮ ಹೇಳಿ ಅದಕ್ಕೆ ಅಂಟಿಕೊಂಡರೆ ಸರಿ. ‘ಕಾರ್ಡು ನೋಡಿ ಹೇಳ್ತೀನಿ’ ಎಂದರೆ ತಾರೀಖನ್ನು ನಂಬಿ ಯಾರಿಗೂ ಮಾತು ಕೊಡಬೇಡಿ.

ಎಚ್ಚರದ ರೀಡರ್ ಈ ಸೈಟಿನ ಪ್ರಶ್ನೆಯನ್ನು ಬೇರೆ ರೀತಿ ಹಿಡಿಯುತ್ತಾರೆ. ಕಾರ್ಡಿನಲ್ಲಿ ಗಡಿಯಾರ ಇಲ್ಲ ಎಂದಮೇಲೆ, ಅದು ಇರುವ ಕಡೆಯಿಂದ, ಎಂದರೆ ವಿಷಯದೊಳಗಿನಿಂದಲೇ ತರಬೇಕು. ಆದ್ದರಿಂದ ಮೊದಲ ಹತ್ತು ನಿಮಿಷ ಕಟ್ಟು ಮುಟ್ಟುವುದೇ ಇಲ್ಲ.

ಮೊದಲ ಪ್ರಶ್ನೆ: ‘ಹೋಗೋದು ಅಂದ್ರೆ ಯಾವುದಣ್ಣ? ಅಡ್ವಾನ್ಸು ಕೈಗೆ ಬರೋದಾ, ರಿಜಿಸ್ಟ್ರೇಷನ್ ಆಗೋದಾ?’ ಈ ಎರಡರ ನಡುವೆ ಮೂರು ತಿಂಗಳು ಹೋಗಬಹುದು. ಯಾವುದೆಂದು ಗೊತ್ತು ಮಾಡಿಕೊಳ್ಳದೆ ತಾರೀಖು ಹೇಳಿದರೆ ಸರಿಯೋ ತಪ್ಪೋ ಎಂದು ಯಾರೂ ಹೇಳಲಾರರು. ಎರಡನೆಯದು: ಅದು ಆಗಬೇಕಾದರೆ ಅದಕ್ಕೆ ಮುಂಚೆ ಏನೇನು ಆಗಬೇಕು? ಇಲ್ಲಿ ಕೆದಕಿದಾಗ ನಿಜವಾದ ಸಂಗತಿ ಹೊರಗೆ ಬರುತ್ತದೆ. ಸೈಟು ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದೆ. ವಂಶವೃಕ್ಷ ಮಾಡಿಸಿ ಖಾತೆ ಮಕ್ಕಳ ಹೆಸರಿಗೆ ಆಗಬೇಕು, ಇ-ಖಾತೆ ಬರಬೇಕು, ಮದುವೆಯಾಗಿ ಹೋದ ಇಬ್ಬರು ಅಕ್ಕತಂಗಿಯರು ಸಹಿ ಹಾಕಬೇಕು. ಮೂರನೆಯದು: ಈ ವಿಷಯಕ್ಕೆ ಅದರದೇ ಕಾಲದ ಕಟ್ಟುಪಾಡುಗಳು ಯಾವುವು? ಆಷಾಢದಲ್ಲಿ ಕೊಳ್ಳುವವರು ಅಡ್ವಾನ್ಸು ಕೊಡುವುದಕ್ಕೆ ಹಿಂದೇಟು ಹಾಕುತ್ತಾರೆ, ಶ್ರಾವಣ ಬಂದಮೇಲೆ ಮಾತು ಮತ್ತೆ ಶುರು. ಕೊಳ್ಳುವವರು ಬ್ಯಾಂಕ್ ಸಾಲ ತೆಗೆಯುವುದಾದರೆ ಬ್ಯಾಂಕಿನ ವಕೀಲರು ಕಾಗದಪತ್ರ ನೋಡಿ ಒಪ್ಪುವ ಸಮಯ ಬೇರೆ.

ಈಗ ನೋಡಿ, ಒಂದು ಕಾರ್ಡೂ ತಿರುಗಿಸದೆ ಎಂಟು ದಿನದ ಮಾತು ಬಿದ್ದುಹೋಯಿತು. ಖಾತೆಯೇ ಇಲ್ಲದ ಸೈಟು ಜೂನ್ 13ಕ್ಕೆ ನೋಂದಣಿ ಆಗುವುದಿಲ್ಲ, ಯಾವ ಕೋಲು ಹಾರಿದರೂ.

ಆಮೇಲೆ ರೀಡರ್ ‘ಯಾವಾಗ’ ಎಂಬುದನ್ನು ‘ಇಷ್ಟರೊಳಗೆ’ ಎಂದು ತಿರುಗಿಸುತ್ತಾರೆ. ಈ ಸಲ ದಸರೆ ಮುಗಿಯುವವರೆಗೆ ಎಂದು ಇಬ್ಬರೂ ಒಪ್ಪಿ ಗಡುವು ಇಟ್ಟುಕೊಳ್ಳುತ್ತಾರೆ. ಗಡುವು ವಿಷಯಕ್ಕೆ ತಕ್ಕಂತೆ ಇರಬೇಕು. ಇಂಟರ್‌ವ್ಯೂ ಆಗಿ ಕೆಲಸದ ಪತ್ರಕ್ಕೆ ಕಾಯುವವರಿಗೆ ಒಂದು ತಿಂಗಳು ಸಾಕು, ಸೈಟಿಗೆ ಮೂರ್ನಾಲ್ಕು ತಿಂಗಳು ಬೇಕು, ಕೋರ್ಟಿನಲ್ಲಿರುವ ಪಾಲಿನ ದಾವೆಗೆ ಗಡುವು ಇಡಲು ಹೋಗದಿರುವುದೇ ಒಳ್ಳೆಯದು. ಗಡುವು ತೀರ ಉದ್ದವಾದರೂ ಮೋಸ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಆಗುವ ಕೆಲಸಕ್ಕೆ ‘ವರ್ಷದೊಳಗೆ ಆಗುತ್ತೆ’ ಎನ್ನುವುದಕ್ಕೆ ಕಾರ್ಡು ಯಾಕೆ ಬೇಕು?

ಕಾರ್ಡು ಎಳೆಯುವುದು ಇಷ್ಟೆಲ್ಲ ಆದಮೇಲೆ. ನಾಲ್ಕು ಸಾಕು, ಜಾಗಗಳನ್ನು ಮುಂಚೆಯೇ ಹೇಳಿರಬೇಕು. ಮೊದಲನೆಯದು ಈಗ ಎಲ್ಲಿ ನಿಂತಿದೆ, ಎರಡನೆಯದು ಕೇಳುವವರ ಕೈಯಲ್ಲಿರುವುದು, ಮೂರನೆಯದು ಅವರ ಕೈಯಲ್ಲಿ ಇಲ್ಲದ್ದು, ನಾಲ್ಕನೆಯದು ಈಗಿರುವಂತೆಯೇ ಬಿಟ್ಟರೆ ದಸರೆ ಹೊತ್ತಿಗೆ ಸ್ಥಿತಿ ಹೇಗೆ. ನಮ್ಮ ಉದಾಹರಣೆಯಲ್ಲಿ ಕ್ರಮವಾಗಿ ಜಸ್ಟಿಸ್, ಪೆಂಟಕಲ್ಸ್ ನಾಲ್ಕು, ಕಪ್ಸ್ ಏಳು, ಸ್ವೋರ್ಡ್ಸ್ ಎರಡು ಬಂದವು ಎನ್ನಿ. ಜಸ್ಟಿಸ್ ಕಾರ್ಡಿನಲ್ಲಿ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ತಕ್ಕಡಿ. ಪಾಲು, ಹಕ್ಕು, ಕಾಗದದ ಮಾತು. ಅಕ್ಕತಂಗಿಯರ ಸಹಿ ಇಲ್ಲಿಯೇ ಬಂದು ಕೂರುತ್ತದೆ. ಪೆಂಟಕಲ್ಸ್ ನಾಲ್ಕರಲ್ಲಿ ಕಿರೀಟ ತೊಟ್ಟವನೊಬ್ಬ ತಲೆಯ ಮೇಲೊಂದು ನಾಣ್ಯ ಹೊತ್ತು, ಎದೆಗೊಂದು ಅಪ್ಪಿಕೊಂಡು, ಕಾಲಡಿ ಎರಡು ಒತ್ತಿ ಹಿಡಿದು ಕೂತಿದ್ದಾನೆ. ಹೇಳಿದ ಬೆಲೆ ಬಿಡದಿರುವುದು ಎಂದು ಓದಬಹುದು. ಇದು ಕೇಳುವವರ ಕೈಯಲ್ಲೇ ಇದೆ. ಕಪ್ಸ್ ಏಳರಲ್ಲಿ ಮೋಡದಲ್ಲಿ ತೇಲುವ ಏಳು ಬಟ್ಟಲು, ಒಂದೊಂದರಲ್ಲಿ ಒಂದೊಂದು ಆಸೆ. ಕೊಳ್ಳುವವರು ನಾಲ್ಕಾರು ಸೈಟು ನೋಡುತ್ತಿದ್ದಾರೆ, ಒಂದಕ್ಕೂ ಮನಸ್ಸು ಗಟ್ಟಿ ಮಾಡಿಲ್ಲ. ಸ್ವೋರ್ಡ್ಸ್ ಎರಡು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡು ಕತ್ತಿ ಅಡ್ಡ ಹಿಡಿದು ಕೂತ ಹೆಂಗಸು. ತೀರ್ಮಾನ ಆಗದೆ ನಿಂತ ಸ್ಥಿತಿ.

ರೀಡರ್ ಹೇಳುವ ಮಾತು ಇಷ್ಟು: ‘ಅಣ್ಣ, ಈಗಿರೋ ಹಾಗೇ ಬಿಟ್ರೆ ದಸರೆ ಒಳಗೆ ಆಗೋ ಲಕ್ಷಣ ಕಾಣ್ತಿಲ್ಲ. ಮೊದ್ಲು ಅಕ್ಕತಂಗೀರ ಸಹಿ, ಖಾತೆ ಆಗ್ಲಿ. ಬೆಲೆ ಎಷ್ಟಕ್ಕೆ ಬಿಡಬಹುದು ಅಂತ ಮನೇಲಿ ಕೂತು ಮಾತಾಡ್ಕೊಳ್ಳಿ. ಅಡ್ವಾನ್ಸು ಕೊಟ್ಟು ಅಗ್ರಿಮೆಂಟು ಮಾಡಿಕೊಂಡರೆ ಅದರಲ್ಲೇ ಗಡುವು ಬರ್ದಿರುತ್ತೆ. ಅವತ್ತು ನಿಮಗೆ ಡೇಟ್ ಬೇಕಾದ್ರೆ ಛಾಪಾ ಕಾಗದ ನೋಡಿ, ನನ್ನ ಕಾರ್ಡಲ್ಲ.’

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಇದರಲ್ಲಿ ಕಾರ್ಡು ಮಾಡಿದ್ದೇನು, ಎಲ್ಲವನ್ನೂ ಕೇಳಿ ತಿಳಿದದ್ದೇ ಅಲ್ಲವೇ? ಬಹುಪಾಲು ಹೌದು. ಟ್ಯಾರೋ ಮುಂದಾಗುವುದನ್ನು ಹೇಳುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲ. ಚಿತ್ರಗಳು ಮಾಡುವುದು ಕೇಳುವವರು ಸುತ್ತಿ ಬಳಸಿ ಬಿಟ್ಟ ಮಾತನ್ನು ಬಾಯಿಗೆ ತರಿಸುವ ಕೆಲಸ. ನಾಣ್ಯ ಅಪ್ಪಿ ಕೂತವನನ್ನು ತೋರಿಸಿ ‘ಇವನು ಯಾರು?’ ಎಂದರೆ ಬೆಲೆಯ ಹಟದ ಮಾತು ಬಂದೇ ಬರುತ್ತದೆ, ನೇರ ಕೇಳಿದ್ದರೆ ಬರುತ್ತಿರಲಿಲ್ಲ. ಅಷ್ಟಕ್ಕೆ ಅದು ಒದಗುತ್ತದೆ. ತಾರೀಖಿಗೆ ಒದಗುವುದಿಲ್ಲ.

ತಾರೀಖು ಬಿಟ್ಟರೂ ವೇಗದ ಬಗ್ಗೆ ಕಾರ್ಡಿನ ಚಿತ್ರ ಏನೋ ಹೇಳುತ್ತದಲ್ಲ ಎಂದು ಕೇಳಬಹುದು. ವಾಂಡ್ಸ್ ಎಂಟು, ಕುದುರೆ ದೌಡಾಯಿಸುವ ನೈಟ್ ಆಫ್ ಸ್ವೋರ್ಡ್ಸ್ ಇವು ಅವಸರದವು. ತಲೆಕೆಳಗಾಗಿ ತೂಗುವ ಹ್ಯಾಂಗ್ಡ್ ಮ್ಯಾನ್, ಬೆಳೆ ನೋಡುತ್ತ ಗುದ್ದಲಿಗೆ ಒರಗಿ ನಿಂತ ಪೆಂಟಕಲ್ಸ್ ಏಳು ಇವು ನಿಧಾನದವು. ಇಷ್ಟನ್ನು ಬಳಸಬಹುದು, ಆದರೆ ಬೇಗ ಎಂದರೆ ಎಷ್ಟು ಬೇಗ ಎಂಬುದನ್ನು ಕಾರ್ಡು ಹೇಳದು. ಪಾಸ್‌ಪೋರ್ಟಿಗೆ ಬೇಗ ಎಂದರೆ ವಾರದ ಮಾತು, ಜಮೀನು ಪಾಲಿನ ದಾವೆಯಲ್ಲಿ ಬೇಗ ಎಂದರೂ ವರ್ಷಗಳ ಮಾತು. ಅಳತೆಗೋಲು ವಿಷಯದ್ದು, ಕಾರ್ಡು ಹೆಚ್ಚೆಂದರೆ ಆ ಕೋಲಿನಲ್ಲಿ ಈ ತುದಿಯೋ ಆ ತುದಿಯೋ ಎನ್ನಬಹುದು.

ಕೆಲವು ‘ಯಾವಾಗ’ಗಳಿಗೆ ಕಟ್ಟನ್ನೇ ತೆಗೆಯುವುದಿಲ್ಲ. ಮನೆಯಲ್ಲಿ ಮಲಗಿರುವ ಹಿರಿಯರು ಎಷ್ಟು ದಿನ, ಹೆರಿಗೆ ಯಾವಾಗ, ಆಪರೇಷನ್ ಈ ವಾರವೋ ಮುಂದಿನ ವಾರವೋ ಎಂಬವು ಡಾಕ್ಟರಿಗೆ ಕೇಳುವ ಪ್ರಶ್ನೆಗಳು. ಕಾರ್ಡು ‘ತಡೆದು ಮಾಡಿ’ ಎಂದಿತು ಎಂದು ಆಪರೇಷನ್ ಮುಂದೆ ಹಾಕಿದವರಿಗೆ ಆಗುವ ನಷ್ಟ ರೀಡರ್ ತುಂಬಿಕೊಡುವಂಥದಲ್ಲ.

ಉಳಿದದ್ದು ಪುಸ್ತಕದ ಶಿಸ್ತು. ಪ್ರತಿ ರೀಡಿಂಗಿಗೂ ಒಂದು ಸಾಲು: ತಾರೀಖು, ಪ್ರಶ್ನೆ ಅದೇ ಮಾತಿನಲ್ಲಿ, ‘ಆಯಿತು’ ಎಂದರೆ ಏನು, ಗಡುವು, ಬಂದ ಕಾರ್ಡುಗಳು, ಹೇಳಿದ್ದು. ಕೊನೆಯ ಖಾನೆ ಖಾಲಿ ಬಿಟ್ಟು ಗಡುವು ಮುಗಿದ ದಿನ ತುಂಬಬೇಕು, ಆದದ್ದನ್ನೂ ಆಗದ್ದನ್ನೂ. ಆಗದ್ದನ್ನು ಬರೆಯದ ಪುಸ್ತಕದಿಂದ ಪ್ರಯೋಜನವಿಲ್ಲ.

ಆಗಸ್ಟ್‌ನಲ್ಲಿ ಆ ಮಂಡ್ಯದವರು ಫೋನ್ ಮಾಡಿ ‘ಅಕ್ಕಾ, ಇನ್ನೊಂದ್ ಸಲ ಎಳ್ದು ನೋಡಿ’ ಎಂದರೆ ರೀಡರ್ ಆ ಸಾಲು ತೆರೆದು ಕೇಳುವುದು ಒಂದೇ: ಸಹಿ ಆಯಿತಾ, ಖಾತೆ ಬಂತಾ, ಬೆಲೆ ಇಳಿಸಿದಿರಾ? ಒಂದೂ ಆಗಿಲ್ಲದಿದ್ದರೆ ಮತ್ತೆ ಕಲಸುವುದಿಲ್ಲ, ಮತ್ತೆ ದುಡ್ಡೂ ತೆಗೆದುಕೊಳ್ಳುವುದಿಲ್ಲ. ಸಂಗತಿ ಬದಲಾಗದೆ ಕಾರ್ಡು ಮಾತ್ರ ಬದಲಾದರೆ, ಕೇಳುವವರು ತಮಗೆ ಹಿಡಿಸಿದ ಉತ್ತರ ಬರುವವರೆಗೂ ಎಳೆಸುತ್ತಾರೆ. ಅಕ್ಕತಂಗಿಯರು ಸಹಿ ಹಾಕಿದ್ದಾರೆ ಎಂದರೆ ಪ್ರಶ್ನೆಯೇ ಬೇರೆ ಆಯಿತು. ಆಗ ಹೊಸ ಸಾಲು, ಹೊಸ ಗಡುವು. ಈ ಸಲ ಕೇಳಬೇಕಾದ್ದು ಕೊಳ್ಳುವವರ ಬಗ್ಗೆ.